ಪಕ್ಕದ ತೋಟದ ಪಲ್ಪರ್ ಗುಂಡಿ ಒಡೆದರೆ ನಷ್ಟ ಯಾರ ತಲೆಗೆ?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಮೇಲ್ಗಡೆ ಪಕ್ಕದವರ ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರದ ನೀರು ನಿಲ್ಲಿಸೋಕೆ ಅಂತ ಅವರು ಮಣ್ಣಿನ ಏರಿ ಹಾಕಿಸಿ ದೊಡ್ಡ ಗುಂಡಿ ಮಾಡಿಸಿದ್ದಾರೆ. ಜನವರಿ ಕೊನೆಯಲ್ಲಿ ಒಂದು ರಾತ್ರಿ ಏರಿ ಒಡೆದು ನೀರೆಲ್ಲ ನಮ್ಮ ತೋಟಕ್ಕೆ ನುಗ್ಗಿತು. ಎರಡು ವರ್ಷದ 60 ಅಡಿಕೆ ಸಸಿ ಹೋದವು. ಬಾವಿ ನೀರು ಕಪ್ಪಾಗಿ ನಾರುತ್ತಿದೆ. ಕೇಳಿದರೆ, "ಗುಂಡಿ ತೋಡಿದ್ದು ಕಂಟ್ರಾಕ್ಟರು. ಹೆಗ್ಗಣ ಬಿಲ ಮಾಡಿದ್ರೆ ನಾನೇನು ಮಾಡ್ಲಿ? ಮಳೆಗಾಲದಲ್ಲಿ ನಮ್ಮ ನೀರು ನಿಮ್ಮಲ್ಲಿಗೇ ಬರೋದಲ್ವಾ?" ಅಂತಾರೆ. ಅವರದ್ದೇ ತಪ್ಪು ಅಂತ ತೋರಿಸೋದು ನಮ್ಮಿಂದ ಆಗೋ ಕೆಲಸವಾ? ಊರಲ್ಲಿ ಜಗಳಾನೂ ಬೇಡ ಅನಿಸುತ್ತೆ. ಏನು ಮಾಡಬಹುದು?

ಉತ್ತರ: ಇಂಥ ಪ್ರಕರಣದಲ್ಲಿ ಅವರ ತಪ್ಪನ್ನು ತೋರಿಸದೆಯೂ ಪರಿಹಾರ ಕೇಳಲು ದಾರಿ ಇದೆ. ಕಾನೂನಿನಲ್ಲಿ ಅದಕ್ಕೆ ಕಟ್ಟುನಿಟ್ಟಿನ ಹೊಣೆ ಅನ್ನುತ್ತಾರೆ. ಕೋರ್ಟಿನಲ್ಲಿ ಎಲ್ಲರೂ ಸ್ಟ್ರಿಕ್ಟ್ ಲಯಬಿಲಿಟಿ ಅಂತಲೇ ಹೇಳುವುದು. ಆದರೆ ಇದರಲ್ಲಿ ನಿಮಗೆ ತಪ್ಪುವುದು ಒಂದೇ ಭಾರ: ಅವರು ಎಚ್ಚರ ತಪ್ಪಿದರು ಅಂತ ತೋರಿಸುವುದು. ನೀರು ಅವರ ಜಾಗದಿಂದಲೇ ಬಂತು, ನಷ್ಟ ಆದದ್ದು ಅದರಿಂದಲೇ, ನಷ್ಟ ಇಷ್ಟು ಅನ್ನುವುದನ್ನು ನೀವೇ ತೋರಿಸಬೇಕು. ನಾನು ನೋಡಿರುವ ಕೇಸುಗಳು ಬಿದ್ದು ಹೋಗುವುದು ಹೆಚ್ಚಾಗಿ ಇಲ್ಲೇ.

ಈ ನಿಯಮ ಹುಟ್ಟಿದ ಕತೆ ನಿಮ್ಮದಕ್ಕೆ ತುಂಬಾ ಹತ್ತಿರ ಇದೆ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ರೈಲ್ಯಾಂಡ್ಸ್ ಅನ್ನುವ ಗಿರಣಿ ಮಾಲೀಕರು ನೀರಿಗಾಗಿ ಒಂದು ದೊಡ್ಡ ಕಟ್ಟೆ ಕಟ್ಟಿಸಿದರು. ಕೆಲಸ ವಹಿಸಿದ್ದು ಕಂಟ್ರಾಕ್ಟರಿಗೆ. ಅಗೆಯುವಾಗ ಕೆಳಗೆ ಹಳೇ ಗಣಿಯ ಬಾವಿಗಳು ಸಿಕ್ಕವು. ಅವನ್ನು ಸರಿಯಾಗಿ ಮುಚ್ಚಲಿಲ್ಲ. ಆ ಸಂಗತಿ ರೈಲ್ಯಾಂಡ್ಸ್‌ಗೆ ಗೊತ್ತೇ ಇರಲಿಲ್ಲ. 1860ರ ಡಿಸೆಂಬರಿನಲ್ಲಿ ಕಟ್ಟೆಗೆ ನೀರು ತುಂಬುತ್ತಿದ್ದಂತೆ ಅದು ಆ ಬಾವಿಗಳ ಮೂಲಕ ಇಳಿದು ಪಕ್ಕದ ಫ್ಲೆಚರ್ ಅವರ ಕಲ್ಲಿದ್ದಲು ಗಣಿಗೆ ನುಗ್ಗಿತು. 1868ರಲ್ಲಿ, ಆಗ ಅಲ್ಲಿನ ಕೊನೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಫ್ಲೆಚರ್ ಪರ ತೀರ್ಪು ಕೊಟ್ಟಿತು. ತಪ್ಪಿದರೆ ಕೇಡು ಮಾಡುವಂಥದ್ದನ್ನು ತನ್ನ ಉಪಯೋಗಕ್ಕೆ ತನ್ನ ಜಮೀನಿಗೆ ತಂದು ಕೂಡಿಟ್ಟವನು ಅದನ್ನು ತನ್ನ ಗಡಿಯೊಳಗೇ ಇಟ್ಟುಕೊಳ್ಳಬೇಕು. ಅದು ದಾಟಿ ಹೋದರೆ, ಅವನ ತಪ್ಪಿರಲಿ ಬಿಡಲಿ, ನಷ್ಟ ಅವನೇ ತುಂಬಬೇಕು. ನಮ್ಮ ಕೋರ್ಟುಗಳೂ ಈ ನಿಯಮವನ್ನು ಒಪ್ಪಿಕೊಂಡಿವೆ.

ಹಾಗಾಗಿ ನಿಮ್ಮ ನೆರೆಯವರ ಕಂಟ್ರಾಕ್ಟರ್ ಮಾತು ನಿಲ್ಲುವುದಿಲ್ಲ. ಈ ನಿಯಮ ಹುಟ್ಟಿದ ಕೇಸಿನಲ್ಲೇ ತಪ್ಪು ಮಾಡಿದ್ದು ಕಂಟ್ರಾಕ್ಟರು, ಹಣ ಕಟ್ಟಿದ್ದು ಮಾಲೀಕರು. 1968ರ ಕೇರಳ ಹೈಕೋರ್ಟಿನ ಒಂದು ತೀರ್ಪಿನಲ್ಲೂ ಹೀಗೇ ಆಯ್ತು. ಉತ್ಸವದಲ್ಲಿ ಹಚ್ಚಿದ ಸಿಡಿಮದ್ದು ಮೇಲೆ ಹೋಗುವ ಬದಲು ಅಡ್ಡ ಹಾರಿ ಜನರ ಮಧ್ಯೆ ಸಿಡಿದಿತ್ತು. ಅಪಾಯದ ವಸ್ತುವಿನ ಕೆಲಸವನ್ನು ಕಂಟ್ರಾಕ್ಟರಿಗೆ ಕೊಟ್ಟೆ ಅಂದರೆ ಹೊಣೆ ಕಳಚುವುದಿಲ್ಲ ಅಂತ ಕೋರ್ಟು ಹೇಳಿತು. ನೆರೆಯವರು ಬೇಕಾದರೆ ಆಮೇಲೆ ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ. ಅದು ಅವರಿಬ್ಬರ ಲೆಕ್ಕ.

ಮಳೆನೀರಿನ ಮಾತಿನಲ್ಲಿ ಮಾತ್ರ ಅರ್ಧ ನಿಜ ಇದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ತಾನಾಗಿ ಕೆಳಗಿನ ಜಮೀನಿಗೆ ಹರಿದರೆ ಕೆಳಗಿನವರು ಸಹಿಸಿಕೊಳ್ಳಲೇಬೇಕು. ಅದಕ್ಕೆ ಪರಿಹಾರ ಇಲ್ಲ. "ಅವರ ನೀರು ನಮ್ಮಲ್ಲಿಗೆ ಬರುತ್ತೆ, ಕೇಸ್ ಹಾಕಿ" ಅಂತ ಜೂನ್ ಬಂದಾಗಲೆಲ್ಲ ಯಾರಾದರೂ ನನ್ನ ಕಚೇರಿಗೆ ಬರುತ್ತಾರೆ. ಹೆಚ್ಚಿನವರನ್ನು ಕಾಫಿ ಕುಡಿಸಿ ಕಳಿಸುತ್ತೇನೆ. ಆದರೆ ತಂದು ಕೂಡಿಟ್ಟ ನೀರು ಬೇರೆ. ಪಲ್ಪರ್ ನೀರು ಯಾವ ಮೋಡದಿಂದಲೂ ಬಿದ್ದದ್ದಲ್ಲ. ಹಣ್ಣಿನ ಸಿಪ್ಪೆ, ಲೋಳೆ, ಸಕ್ಕರೆ ಅಂಶ ಎಲ್ಲ ಸೇರಿ ಅದು ಗುಂಡಿಯಲ್ಲಿ ಹುಳಿಯುತ್ತದೆ. ಪಿಎಚ್ ಸುಮಾರು 4ರ ಆಸುಪಾಸಿಗೆ ಇಳಿಯುತ್ತದೆ. ಬಾವಿಗೆ ಬಿದ್ದರೆ ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ನಿಮ್ಮ ಬಾವಿ ಕಪ್ಪಾಗಿ ನಾರುತ್ತಿರುವುದು ಅದಕ್ಕೇ.

ಹೆಗ್ಗಣದ ಮಾತನ್ನು ಮಾತ್ರ ನಕ್ಕು ತಳ್ಳಿಹಾಕಬೇಡಿ. ಅವರ ವಕೀಲರು ಸ್ವಲ್ಪ ಓದಿದವರಾದರೆ 1871ರ ಒಂದು ಇಂಗ್ಲಿಷ್ ತೀರ್ಪನ್ನು ಎತ್ತಿಕೊಂಡು ಬರಬಹುದು. ಮನೆ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು, ಕೆಳಗೆ ಬಾಡಿಗೆದಾರರ ಗೋದಾಮು. ಸೂರಿನ ನೀರು ಕೂಡುವ ಪೆಟ್ಟಿಗೆಯನ್ನು ಇಲಿ ಕಡಿದು ನೀರು ಕೆಳಗಿನ ಸರಕಿನ ಮೇಲೆ ಸುರಿಯಿತು. ಮಾಲೀಕರು ಹೊಣೆಯಲ್ಲ ಅಂತ ತೀರ್ಪಾಯಿತು. ಆದರೆ ಅಲ್ಲಿ ಆ ಪೆಟ್ಟಿಗೆ ಇಬ್ಬರ ಅನುಕೂಲಕ್ಕೂ ಇತ್ತು. ನಿಮ್ಮ ನೆರೆಯವರ ಗುಂಡಿಯಿಂದ ನಿಮಗೇನು ಅನುಕೂಲ? ಅಲ್ಲದೆ ಮಲೆನಾಡಿನಲ್ಲಿ ಮಣ್ಣಿನ ಏರಿಗೆ ಹೆಗ್ಗಣ, ಏಡಿ ಬಿಲ ಮಾಡುವುದು ಹೊಸ ವಿಷಯವೇ ಅಲ್ಲ. ಏರಿ ಹಾಕಿಸಿದವರು ಅದನ್ನು ನೋಡಿಕೊಳ್ಳಬೇಕು ಅಂತಲೇ ಕೋರ್ಟು ಹೇಳುವ ಸಂಭವ ಜಾಸ್ತಿ.

ದೈವೇಚ್ಛೆ ಅನ್ನುವ ಇನ್ನೊಂದು ರಕ್ಷಣೆ ಇದೆ. ಹಿಂದೆಂದೂ ಕಾಣದ ಮಳೆ ಬಂದು ಕಟ್ಟೆ ಒಡೆದರೆ ಮಾಲೀಕರು ಪಾರಾಗಬಹುದು. 1876ರಲ್ಲಿ ಇಂಗ್ಲೆಂಡಿನಲ್ಲಿ ಕೃತಕ ಕೊಳಗಳು ಒಡೆದು ನಾಲ್ಕು ಸೇತುವೆ ಕೊಚ್ಚಿಹೋದಾಗ ಹಾಗೇ ಆಯಿತು. ಆದರೆ ನಿಮ್ಮಲ್ಲಿ ಏರಿ ಒಡೆದದ್ದು ಜನವರಿಯಲ್ಲಿ. ಆ ರಾತ್ರಿ ಮಳೆ ಇರಲಿಲ್ಲ ಅನ್ನುವುದಕ್ಕೆ ಹತ್ತಿರದ ಮಳೆಮಾಪನ ಕೇಂದ್ರದ ದಾಖಲೆ ತೆಗೆದಿಟ್ಟುಕೊಳ್ಳಿ. ಈ ರಕ್ಷಣೆಗಳನ್ನೆಲ್ಲ ಸಾಬೀತು ಮಾಡುವ ಭಾರ ಅವರದ್ದೇ, ನಿಮ್ಮದಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. 1868ರ ತೀರ್ಪಿನಲ್ಲಿ ಒಂದು ಷರತ್ತು ಸೇರಿಕೊಂಡಿದೆ: ಜಮೀನಿನ ಬಳಕೆ ಮಾಮೂಲಿಯದ್ದಾಗಿರಬಾರದು. ನಮ್ಮಲ್ಲಿ ಈ ಮಾತಿಗೆ ತೂಕ ಜಾಸ್ತಿ. 1874ರಲ್ಲಿ, ಆಗ ನಮಗೆ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಮದ್ರಾಸ್ ಪ್ರಾಂತ್ಯದ ಒಂದು ಕೇಸು ಹೋಗಿತ್ತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಭಾರೀ ಮಳೆಗೆ ಒಡೆದು ರೈಲ್ವೆ ಕಂಪನಿಯ ಆಸ್ತಿ ಹಾಳಾಗಿತ್ತು. ಕಂಪನಿ ರೈಲ್ಯಾಂಡ್ಸ್ ನಿಯಮ ಹಿಡಿದುಕೊಂಡು ಬಂತು. ಕೌನ್ಸಿಲ್ ಒಪ್ಪಲಿಲ್ಲ. ಇಲ್ಲಿ ಕೆರೆ ಇಲ್ಲದೆ ಬೇಸಾಯ ಇಲ್ಲ, ಹಳೇ ಕಾಲದಿಂದ ಬಂದ ಕೆರೆಯನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯವೇ ಆಗಿತ್ತು, ಅವರು ಎಚ್ಚರ ತಪ್ಪಿದ್ದರೆ ಮಾತ್ರ ಹೊಣೆ ಅಂತ ಹೇಳಿತು. ಇದರಿಂದಾಗಿ ನಮ್ಮ ಕಡೆ ಬೇಸಾಯಕ್ಕಾಗಿ ನಿಲ್ಲಿಸಿದ ನೀರನ್ನು ಅಪಾಯದ ವಸ್ತು ಅಂತ ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ. ಒಡೆದದ್ದು ಬರೀ ಕೃಷಿ ಹೊಂಡವಾಗಿದ್ದರೆ ನಾನು ನಿಮಗೆ ಕಟ್ಟುನಿಟ್ಟಿನ ಹೊಣೆಯನ್ನೇ ನಂಬಿಕೊಳ್ಳಬೇಡಿ ಅನ್ನುತ್ತಿದ್ದೆ.

ಪಲ್ಪರ್ ಗುಂಡಿ ಹಾಗಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಯಾರ ಬೆಳೆಗೂ ಬೇಕಾದ ನೀರಲ್ಲ, ಸಂಸ್ಕರಣೆಯಲ್ಲಿ ಉಳಿದ ಕೊಳಕು. ಅದನ್ನು ಹೊಳೆಗೋ ಬಾವಿಗೋ ಭೂಮಿಗೋ ಬಿಡುವುದರ ಮೇಲೆ 1974ರ ಜಲ ಮಾಲಿನ್ಯ ಕಾಯ್ದೆಯ ನಿರ್ಬಂಧ ಇದೆ. ಆದರೂ "ಮಲೆನಾಡಿನಲ್ಲಿ ಕಾಫಿ ಪಲ್ಪಿಂಗ್ ಮಾಮೂಲು, ಗುಂಡಿಯೂ ಮಾಮೂಲು" ಅಂತ ಅವರ ವಕೀಲರು ವಾದಿಸಿಯೇ ವಾದಿಸುತ್ತಾರೆ. ನ್ಯಾಯಾಧೀಶರು ಒಪ್ಪಿದರೆ? ಅದಕ್ಕೇ ದಾವೆಯಲ್ಲಿ ಎರಡನ್ನೂ ಬರೆಸಬೇಕು. ಮೊದಲು ಕಟ್ಟುನಿಟ್ಟಿನ ಹೊಣೆ, ಅದು ನಿಲ್ಲದಿದ್ದರೆ ನಿರ್ಲಕ್ಷ್ಯ. ಒಂದನ್ನೇ ಬರೆಸಿ ಆಮೇಲೆ ಇನ್ನೊಂದನ್ನು ಸೇರಿಸಲು ಹೊರಟರೆ ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು ಅಂತ ತಿಂಗಳುಗಟ್ಟಲೆ ಹೋಗುತ್ತದೆ.

ನಿರ್ಲಕ್ಷ್ಯ ತೋರಿಸುವುದು ನೀವು ಅಂದುಕೊಂಡಷ್ಟು ಕಷ್ಟವೂ ಅಲ್ಲ. ಒಡೆದ ಏರಿಯೇ ಅರ್ಧ ಸಾಕ್ಷಿ ಹೇಳುತ್ತದೆ. ನೀರು ಏರಿಯ ಮೇಲಿಂದ ಉಕ್ಕಿ ಹೋಗಿದ್ದರೆ ಒಡಕು ಮೇಲ್ಗಡೆ ಅಗಲವಾಗಿರುತ್ತದೆ, ಏರಿಯ ಹೊರಮೈ ಕೊರೆದಿರುತ್ತದೆ. ಅಂದರೆ ಗುಂಡಿಗೆ ಕೋಡಿ ಇರಲಿಲ್ಲ, ಇಲ್ಲವೇ ಅಳತೆ ಮೀರಿ ತುಂಬಿದರು ಅಂತ ಅರ್ಥ. ಬುಡದಲ್ಲಿ ಸುರಂಗದ ಹಾಗೆ ತೂತು ಬಿದ್ದು ಮೇಲಿನ ಮಣ್ಣು ಕುಸಿದಿದ್ದರೆ ನೀರು ಒಳಗಿಂದ ಜಿನುಗಿ ಕೊರೆದಿದೆ. ಏರಿಯೊಳಗೆ ಪೈಪ್ ಹಾಯಿಸಿದ್ದರೆ ಅದರ ಅಂಚಿನಲ್ಲೇ ಹೀಗಾಗುವುದು ಜಾಸ್ತಿ. ಒಡಕಿನ ಪಕ್ಕದ ಮಣ್ಣನ್ನು ಹತ್ತಿರದಿಂದ ನೋಡಿ. ದೊಡ್ಡ ಹೆಂಟೆ, ಬೇರು, ಮರದ ಬುಡ, ಹಸಿರು ಸೊಪ್ಪು ಕಂಡರೆ ಜೆಸಿಬಿಯಲ್ಲಿ ಮಣ್ಣು ಗುಡ್ಡೆ ಹಾಕಿದ್ದಾರೆ, ಪದರ ಪದರವಾಗಿ ದಮ್ಮಸ್ಸು ಮಾಡಿಲ್ಲ. ಇದನ್ನೆಲ್ಲ ಒಬ್ಬ ಸಿವಿಲ್ ಎಂಜಿನಿಯರ್ ಬಂದು ನೋಡಿ ವರದಿ ಬರೆದುಕೊಟ್ಟರೆ ಅದರ ತೂಕವೇ ಬೇರೆ. ಅವರ ಜಮೀನಿಗೆ ಹೇಳದೆ ಕೇಳದೆ ನುಗ್ಗಬೇಡಿ. ಗಡಿಯಿಂದಲೇ ಎಷ್ಟು ಕಾಣುತ್ತೋ ಅಷ್ಟರ ಫೋಟೊ ತೆಗೆಯಿರಿ. ಒಳಗೆ ಹೋಗಿ ನೋಡಲು ಕೋರ್ಟು ಕಮಿಷನರನ್ನು ನೇಮಿಸಬಹುದು. ದಾವೆ ಹಾಕುವ ದಿನವೇ ಆ ಅರ್ಜಿಯನ್ನೂ ಹಾಕಿಸಿ. ಏರಿ ಮತ್ತೆ ಕಟ್ಟಿಬಿಟ್ಟರೆ ನೋಡಲು ಏನೂ ಉಳಿಯುವುದಿಲ್ಲ.

ಮುಂಚೆ ಯಾವತ್ತಾದರೂ "ಏರಿ ಜಿನುಗುತ್ತಿದೆ, ಸರಿ ಮಾಡಿಸಿ" ಅಂತ ಅವರಿಗೆ ವಾಟ್ಸಾಪ್ ಮೆಸೇಜ್ ಕಳಿಸಿದ್ದರೆ ಅದನ್ನು ಹುಡುಕಿ. ಗುಜರಾತಿನ ಒಂದು ಉಪ್ಪಿನ ಕಾರ್ಖಾನೆಯ ಕೇಸಿನಲ್ಲಿ ಇಂಥದ್ದೇ ಕೆಲಸಕ್ಕೆ ಬಂತು. ಸರ್ಕಾರ ಕಟ್ಟುತ್ತಿದ್ದ ಒಡ್ಡಿನಿಂದ ತಮಗೆ ತೊಂದರೆ ಆಗುತ್ತೆ ಅಂತ ಕಂಪನಿ ಮೊದಲೇ ತಿಳಿಸಿತ್ತು. 1956ರ ಜುಲೈಯಲ್ಲಿ ಹಾಗೇ ಆಯಿತು, ಕಾರ್ಖಾನೆಗೆ ನೀರು ನುಗ್ಗಿತು. ಸುಪ್ರೀಂ ಕೋರ್ಟಿನಿಂದ ಪರಿಹಾರದ ತೀರ್ಪು ಬಂದದ್ದು 1994ರಲ್ಲಿ. ವರ್ಷಗಳನ್ನು ಕಳೆದು ನೋಡಿ. ಕೋರ್ಟಿಗೆ ಹೋಗುವ ಮುಂಚೆ ಆ ಲೆಕ್ಕವೂ ತಲೆಯಲ್ಲಿರಲಿ.

ಬಾವಿಯ ನೀರನ್ನು ಇನ್ನೂ ಖಾಲಿ ಮಾಡಿಸಿಲ್ಲ ತಾನೇ? ಮಾಡಿಸುವ ಮುಂಚೆ ನೀರಿನ ಮಾದರಿ ತೆಗೆಸಿ. ಮೂರು ಕಡೆಯಿಂದ ಬೇಕು: ನಿಮ್ಮ ಬಾವಿ, ಗುಂಡಿಯಲ್ಲಿ ಉಳಿದ ಅಥವಾ ಗಡಿಯ ಕಾಲುವೆಯಲ್ಲಿ ನಿಂತ ನೀರು, ಮತ್ತು ಗುಂಡಿಗಿಂತ ಮೇಲ್ಗಡೆ ಇರುವ ಯಾವುದಾದರೂ ಬಾವಿ ಅಥವಾ ತೊರೆ. ಈ ಮೂರನೆಯದ್ದನ್ನು ಜನ ಮರೆತೇಬಿಡುತ್ತಾರೆ. ಮೇಲಿನ ನೀರು ಚೆನ್ನಾಗಿದೆ, ಗುಂಡಿಯದ್ದೂ ನಿಮ್ಮ ಬಾವಿಯದ್ದೂ ಒಂದೇ ಥರ ಕೆಟ್ಟಿದೆ ಅಂತ ಪಕ್ಕಪಕ್ಕದಲ್ಲಿ ಕಂಡಾಗಲೇ ಕಾರಣ ಖಚಿತವಾಗುವುದು. ಇಲ್ಲದಿದ್ದರೆ "ನಿಮ್ಮ ಕೊಟ್ಟಿಗೆಯ ಗಂಜಲ ಇಳಿದಿರಬೇಕು" ಅಂತಾರೆ. ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅವತ್ತೇ, ಇಲ್ಲವೇ ಮರುದಿನವೇ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ತಲುಪಿಸಿ. ತಡವಾದರೆ ಬಿಒಡಿ, ಅಂದರೆ ಕೊಳಕು ಕೊಳೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ, ಕೆಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಟ್ಟು ಅವರೇ ಬಂದು ಮಾದರಿ ತೆಗೆದರೆ ಇನ್ನೂ ಒಳ್ಳೆಯದು. ಮಂಡಳಿ ನಿಮಗೆ ದುಡ್ಡು ಕೊಡಿಸುವುದಿಲ್ಲ. ಆದರೆ ಅವರ ವರದಿಯನ್ನು ಎದುರಾಳಿ ಅಲ್ಲಗಳೆಯುವುದು ಕಷ್ಟ.

ಮಾದರಿ ತೆಗೆದಾದ ಮೇಲೆ ಕಾಯುತ್ತ ಕೂರಬೇಡಿ. ಬಾವಿ ಖಾಲಿ ಮಾಡಿಸಿ, ತೋಟಗಾರಿಕೆ ಇಲಾಖೆಯವರು ಹೇಳಿದಷ್ಟು ಸುಣ್ಣ ಹಾಕಿಸಿ, ಖರ್ಚಿನ ಬಿಲ್ ಇಟ್ಟುಕೊಳ್ಳಿ. ನಷ್ಟ ಬೆಳೆಯದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆಯೂ ಹೌದು. ಸುಮ್ನೆ ಬಿಟ್ಟು ಉಳಿದ ಮರಗಳೂ ಹಾಳಾದರೆ ಆ ಭಾಗದ ಪರಿಹಾರವನ್ನು ಕೋರ್ಟು ಕಡಿಮೆ ಮಾಡಬಹುದು.

60 ಸಸಿಗೆ ಏನು ಕೇಳಬಹುದು? ಸಸಿಯ ಬೆಲೆ, ಗುಂಡಿ ತೋಡಿ ನೆಟ್ಟ ಕೂಲಿ, ಎರಡು ವರ್ಷದ ಗೊಬ್ಬರ ಮತ್ತು ಆರೈಕೆಯ ಖರ್ಚು, ಕೊಚ್ಚಿಹೋದ ಮೇಲ್ಮಣ್ಣು ತುಂಬಿಸುವ ಖರ್ಚು, ಬಾವಿ ಸ್ವಚ್ಛ ಮಾಡಿಸಿದ್ದು, ಅಲ್ಲಿಯವರೆಗೆ ನೀರು ತರಿಸಿದ್ದು, ಪರೀಕ್ಷೆಯ ಶುಲ್ಕ. ಜತೆಗೆ ಫಸಲು ಎರಡು ವರ್ಷ ಹಿಂದೆ ಬಿದ್ದ ನಷ್ಟ. ಈ ಕೊನೆಯದಕ್ಕೆ ತೋಟಗಾರಿಕೆ ಅಧಿಕಾರಿಯ ವರದಿ ಬೇಕೇ ಬೇಕು. "ಒಂದು ಮರದಿಂದ ಜೀವಮಾನವಿಡೀ ಇಷ್ಟು ಆದಾಯ" ಅಂತ ಲಕ್ಷಗಟ್ಟಲೆ ಗುಣಿಸಿ ತರುವ ಲೆಕ್ಕಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಬೇರೆ ಸಸಿ ನೆಟ್ಟರೆ ಅದೂ ಬೆಳೆಯುತ್ತದಲ್ವಾ? ಗ್ರಾಮ ಆಡಳಿತಾಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿ, ಹೋದ ಸಸಿಗಳ ಸಂಖ್ಯೆ ಅದರಲ್ಲಿ ಬರಲಿ. ಫೋಟೊ ತೆಗೆದ ಫೋನನ್ನು ಮಾರಬೇಡಿ. ಡಿಜಿಟಲ್ ಸಾಕ್ಷಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೋನ್ ಇದ್ದರೆ ಸುಲಭ.

ಜಗಳ ಬೇಡ ಅನ್ನುವ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಮೊದಲು ಒಂದು ವಕೀಲರ ನೋಟಿಸ್ ಕಳಿಸಿ, ಗಟ್ಟಿ ಮಾತಿಲ್ಲದೆ, ನಷ್ಟದ ಲೆಕ್ಕದ ಸಮೇತ. ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಒಪ್ಪಂದವಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಹಣ ಕಟ್ಟದಿದ್ದರೆ ಜಾರಿ ಮಾಡಿಸಬಹುದು. ಆದರೆ ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಬಾವಿ ಸರಿಯಾಗುತ್ತೋ ಇಲ್ಲವೋ ಗೊತ್ತಾಗುವ ಮುಂಚೆ ಪೂರ್ತಿ ತೀರುವಳಿಗೆ ಸಹಿ ಹಾಕಬೇಡಿ. ಊರಿನ ಹಿರಿಯರ ಮುಂದೆ ಹತ್ತೋ ಇಪ್ಪತ್ತೋ ಸಾವಿರ ಕೈಗೆ ಕೊಟ್ಟು "ಇನ್ನೇನೂ ಬಾಕಿ ಇಲ್ಲ" ಅಂತ ಚೀಟಿ ಬರೆಸಿಕೊಳ್ಳುವುದನ್ನು ನೋಡಿದ್ದೇನೆ. ಆ ಚೀಟಿ ಬಂದರೆ ಮುಂದೆ ಹೋಗುವುದು ಬಹಳ ಕಷ್ಟ. ಇನ್ನೊಂದು ವಿಷಯ: ಮಾತುಕತೆ ನಡೆಯುತ್ತಿದೆ ಅಂತ ಕಾಲಮಿತಿ ನಿಲ್ಲುವುದಿಲ್ಲ. ಸಿವಿಲ್ ಕೋರ್ಟಿಗೆ ಏರಿ ಒಡೆದ ರಾತ್ರಿಯಿಂದ ಮೂರು ವರ್ಷ ಅಂತ ಇಟ್ಟುಕೊಳ್ಳಿ.

ಹಸಿರು ನ್ಯಾಯಮಂಡಳಿಗೆ ಹೋಗಬಹುದು ಅಂತ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. 2010ರ ಕಾಯ್ದೆಯ ಪ್ರಕಾರ ಮಾಲಿನ್ಯದಿಂದ ನಷ್ಟವಾದವರು ಅಲ್ಲಿ ಪರಿಹಾರ ಕೇಳಬಹುದು. ಅವಧಿ ಐದು ವರ್ಷ. ಅಪಘಾತದ ಪ್ರಕರಣದಲ್ಲಿ ತಪ್ಪಿದ್ದರೂ ಇಲ್ಲದಿದ್ದರೂ ಹೊಣೆ ಅನ್ನುವ ತತ್ವವನ್ನೇ ನ್ಯಾಯಮಂಡಳಿ ಅನುಸರಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಮಾಮೂಲಿ ಬಳಕೆಯೋ ಅಲ್ಲವೋ ಅನ್ನುವ ತಕರಾರು ಅಲ್ಲಿ ಅಷ್ಟು ಕಾಡುವುದಿಲ್ಲ. ಕೇಳುವ ಪರಿಹಾರದ ಶೇ 1ರಷ್ಟು ಶುಲ್ಕ, ಕನಿಷ್ಠ ₹1,000. ನಮ್ಮ ರಾಜ್ಯಕ್ಕೆ ಪೀಠ ಇರುವುದು ಚೆನ್ನೈನಲ್ಲಿ. ತೊಂದರೆ ಏನೆಂದರೆ, ಇದು ಇಬ್ಬರು ನೆರೆಯವರ ಖಾಸಗಿ ಜಗಳ ಅಂತ ಕಂಡರೆ ನ್ಯಾಯಮಂಡಳಿ ಆಸಕ್ತಿ ತೋರಿಸದೇ ಇರಬಹುದು. ಅದೇ ನೀರು ಹಳ್ಳಕ್ಕೂ ಸೇರಿ ಕೆಳಗಿನ ನಾಲ್ಕು ಮನೆಯವರ ಬಾವಿಯೂ ಕೆಟ್ಟಿದ್ದರೆ ಎಲ್ಲರೂ ಸೇರಿ ಹೋಗಿ, ಆಗ ಆ ದಾರಿಯೇ ಚೆನ್ನ. ನ್ಯಾಯಮಂಡಳಿಗೆ ಸೇರಿದ ವಿಷಯವನ್ನು ಸಿವಿಲ್ ಕೋರ್ಟು ನೋಡುವಂತಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಸಿವಿಲ್ ಕೋರ್ಟಿನಲ್ಲಿ ನೆರೆಯವರು ಆ ತಕರಾರು ಎತ್ತಬಹುದು. ಸಸಿ, ಮಣ್ಣು ಕೊಚ್ಚಿಹೋದದ್ದು ಮಾಲಿನ್ಯದ ವಿಷಯವಲ್ಲ, ಬಾವಿ ಕೆಟ್ಟದ್ದು ಮಾಲಿನ್ಯ. ನಿಮ್ಮ ನಷ್ಟದಲ್ಲಿ ಯಾವುದು ದೊಡ್ಡದು ಅನ್ನುವುದನ್ನು ನೋಡಿ ವಕೀಲರ ಜತೆ ಕೂತು ದಾರಿ ಆರಿಸಿ.

ಭೋಪಾಲ್ ದುರಂತದ ನಂತರ ಬಂದ, ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆಯ ನಿಯಮದ ಬಗ್ಗೆಯೂ ಕೆಲವರು ಹೇಳಬಹುದು. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರೂಪಿಸಿತು. ರಾಜಸ್ಥಾನದ ಬಿಚ್‌ಡಿಯಲ್ಲಿ ರಾಸಾಯನಿಕ ಘಟಕಗಳ ತ್ಯಾಜ್ಯ ಊರಿನ ಬಾವಿಗಳನ್ನು ಹಾಳು ಮಾಡಿದಾಗ 1996ರಲ್ಲಿ ಅದನ್ನೇ ಅನ್ವಯಿಸಿತು. ಅದು ಅಪಾಯಕಾರಿ ಉದ್ಯಮಗಳಿಗೆ. ಮೇಲ್ಗಡೆ ಕೆಮಿಕಲ್ ಫ್ಯಾಕ್ಟರಿ ಇದ್ದಿದ್ದರೆ ನಿಮ್ಮ ಕೇಸು ತುಂಬಾ ಸುಲಭವಾಗುತ್ತಿತ್ತು. ಕಾಫಿ ಪಲ್ಪರಿಗೆ ಅದನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ.

ಮುಂದಿನ ಪಲ್ಪಿಂಗ್ ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅವರು ಅದೇ ಏರಿಗೆ ನಾಲ್ಕು ಲೋಡು ಮಣ್ಣು ಸುರಿದು ಮತ್ತೆ ನೀರು ಬಿಡುವ ಸೂಚನೆ ಕಂಡರೆ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿಸಿ. ಗುಂಡಿ ಮುಚ್ಚಿಸಿ ಅಂತ ಕೇಳಿದರೆ ಸಿಗುವುದು ಕಷ್ಟ. ಎಂಜಿನಿಯರ್ ನೋಡಿ ಸರಿಯಿದೆ ಅನ್ನುವವರೆಗೆ, ಕೋಡಿ ಇಡುವವರೆಗೆ ನೀರು ತುಂಬಬಾರದು ಅಂತ ಕೇಳಿ. ಮಳೆ ಮುಗಿದ ಕೂಡಲೇ, ಅಕ್ಟೋಬರಿನೊಳಗೆ ಅರ್ಜಿ ಕೋರ್ಟಿನಲ್ಲಿರಲಿ.